ಒಲೆ ಉರಿಯೋ ಮನೆಯೊಳಗೆ ಫ್ಲಶ್: ಒಬ್ಬ ಅಜ್ಜಿಯ ಮೂರು ಪ್ರಶ್ನೆಗಳು

ಪ್ರಶ್ನೆ: ನಮ್ಮ ಹಳ್ಳಿ ಮನೆಯಲ್ಲಿ ಇಷ್ಟು ದಿನ ಕಕ್ಕಸು ಇರಲಿಲ್ಲ. ಈಗ ಒಳಗಡೆಯೇ ಬಾತ್‌ರೂಮ್ ಮಾಡಿಸ್ತಿದ್ದೀವಿ, ಫ್ಲಶ್ ಟ್ಯಾಂಕೂ ಹಾಕಿಸಬೇಕು ಅಂತಿದೆ. ನಮ್ಮ ಅಜ್ಜಿ ಮಾತ್ರ ಬೇಡವೇ ಬೇಡ ಅಂತಾರೆ. ನೀರು ದಂಡ, ವಾಸನೆ ಬರುತ್ತೆ, ಒಂದಿನ ಎಲ್ಲಾ ವಾಪಸ್ ಬರುತ್ತೆ ಅನ್ನೋದು ಅವರ ಮಾತು. ಅವರನ್ನ ಹೇಗೆ ಒಪ್ಪಿಸೋದು ಸಾರ್?

ಉತ್ತರ: ಒಪ್ಪಿಸೋದಕ್ಕೆ ಮೊದಲು ಒಂದು ಮನೆಯ ಕಥೆ ಕೇಳಿ. ಹಳ್ಳಿಗಳಲ್ಲಿ ಶೌಚಾಲಯ ಕಟ್ಟಿಸುವ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷ ದಾಟಿದೆ. ನಿಮ್ಮ ಅಜ್ಜಿ ಹೇಳಿದ ಈ ಮೂರೇ ಮಾತನ್ನು ಅರಸೀಕೆರೆ ಕಡೆಯ ಒಬ್ಬ ಅಜ್ಜಿಯೂ ಹೇಳಿದ್ದರು. ಮನೆಯವರು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕೇ ತಿಂಗಳಲ್ಲಿ ಮೂರೂ ಮಾತು ನಿಜವಾಗಿ, ನನ್ನನ್ನು ಕರೆಸಿದರು.

ತೆಂಗಿನ ತೋಟದ ನಡುವೆ ಹಳೇ ಹೆಂಚಿನ ಮನೆ. ಅಜ್ಜಿ, ಮಗ, ಸೊಸೆ, ಮೂರು ಮಕ್ಕಳು, ಒಟ್ಟು ಆರು ಜನ. ಸ್ನಾನಕ್ಕೆ ಹಿತ್ತಲ ಬಚ್ಚಲಿತ್ತು, ಅಲ್ಲಿ ಹಂಡೆ, ಒಲೆ, ತೆಂಗಿನ ಮಟ್ಟೆಯ ಉರಿ. ಉಳಿದದ್ದಕ್ಕೆ ಚೆಂಬು ಹಿಡಿದು ಬೇಲಿಯ ಆಚೆ. ದೊಡ್ಡ ಮೊಮ್ಮಗಳು ಹೈಸ್ಕೂಲಿಗೆ ಬಂದ ಮೇಲೆ ಸೊಸೆ ಹಠ ಹಿಡಿದಳು. ಅಡುಗೆಮನೆ ಪಕ್ಕದ ಉಗ್ರಾಣವನ್ನೇ ಒಡೆದು ಬಾತ್‌ರೂಮ್ ಮಾಡಿದರು. ಪಂಚಾಯ್ತಿಯಿಂದ ಹನ್ನೆರಡು ಸಾವಿರ ಬಂತು, ಮಿಕ್ಕಿದ್ದು ಕೊಬ್ಬರಿ ಮಾರಿದ ದುಡ್ಡು.

ಅಜ್ಜಿಯ ಮೊದಲ ಪ್ರಶ್ನೆ ಎಲ್ಲರಿಗೂ ಗೊತ್ತಿರುವುದೇ. "ಉಣ್ಣೋ ಮನೇಲೇ ಕೂರೋದೇನ್ರಲಾ?" ಇದಕ್ಕೆ ಇಂಜಿನಿಯರನ ಹತ್ತಿರ ಉತ್ತರವಿಲ್ಲ. ಅದು ಅವರ ಮನಸ್ಸಿಗೆ ಬಿಟ್ಟಿದ್ದು, ಕಾಲವೇ ಸರಿ ಮಾಡಬೇಕು. ಎರಡನೆಯ ಪ್ರಶ್ನೆ ಹಾಗಲ್ಲ. ಟ್ಯಾಂಕ್ ಕೂರಿಸಿದ ದಿನ ಮೊಮ್ಮಗ ಬಟನ್ ಒತ್ತಿ ತೋರಿಸಿದ. ದಬದಬ ಅಂತ ನೀರು ಬಿತ್ತು. ಅಜ್ಜಿ ಬಾಗಿಲಲ್ಲೇ ನಿಂತು ಕೇಳಿದರು: "ಅಷ್ಟೊಂದು ನೀರು ಎಲ್ಲಿಗೆ ಹೋಯ್ತದೆ ಮಗಾ?" "ಗುಂಡಿಗೆ ಹೋಗುತ್ತೆ ಅಜ್ಜಿ." "ಗುಂಡಿಯಿಂದ ಎಲ್ಲಿಗೆ?" ಮೊಮ್ಮಗನಿಗೆ ಗೊತ್ತಿರಲಿಲ್ಲ. ಮಗನಿಗೂ ಗೊತ್ತಿರಲಿಲ್ಲ. ನನ್ನನ್ನು ಕೇಳಿದರೆ, ಕಕ್ಕಸು ಕಟ್ಟಿಸುವವರು ಮೇಸ್ತ್ರಿಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಇದು.

ನಾನು ಹೋದಾಗ ಶ್ರಾವಣ. ಮೂರು ದಿನದಿಂದ ಜಡಿಮಳೆ. ಪ್ಯಾನಿನಲ್ಲಿ ನೀರು ಬೇಗ ಇಳಿಯುತ್ತಿರಲಿಲ್ಲ. ಒತ್ತಿದರೆ ಮೊದಲು ಮೇಲೆ ಏರಿ, ಗುಳುಗುಳು ಸದ್ದು ಮಾಡಿ, ಆಮೇಲೆ ನಿಧಾನಕ್ಕೆ ಹೋಗುತ್ತಿತ್ತು. "ನಾನು ಹೇಳ್ಲಿಲ್ವಾ, ವಾಪಸ್ ಬತ್ತದೆ ಅಂತ," ಎಂದರು ಅಜ್ಜಿ. ಅವರಿಗೆ ಬೇಜಾರಿಗಿಂತ ಖುಷಿಯೇ ಜಾಸ್ತಿ ಇದ್ದಂತಿತ್ತು.

ಹೊರಗೆ ಹೋಗಿ ಚೇಂಬರ್ ಮುಚ್ಚಳ ತೆಗೆಸಿದೆ. ಅಲ್ಲಿ ಹಾಕಿದ್ದು ಎರಡು ಇಂಗುಗುಂಡಿಯ ಪದ್ಧತಿ. ಹಳ್ಳಿ ಮನೆಗೆ ನನಗೆ ಇಷ್ಟವಾದದ್ದೂ ಅದೇ. ಪ್ಯಾನಿನಿಂದ ಬಂದ ಪೈಪು ಚೇಂಬರಿನಲ್ಲಿ ಎರಡು ಕವಲಾಗುತ್ತದೆ, ಒಂದೊಂದು ಕವಲು ಒಂದೊಂದು ಗುಂಡಿಗೆ. ಒಂದು ಕವಲನ್ನು ಇಟ್ಟಿಗೆ, ಮಣ್ಣಿನಿಂದ ಮುಚ್ಚಿರಬೇಕು. ಹಾಗಾಗಿ ಒಂದು ಸಲಕ್ಕೆ ಒಂದೇ ಗುಂಡಿ ಕೆಲಸ ಮಾಡುತ್ತದೆ. ಅದು ತುಂಬಿದ ಮೇಲೆ ಆ ಕವಲನ್ನು ಮುಚ್ಚಿ ಇನ್ನೊಂದನ್ನು ತೆರೆಯುವುದು. ಗುಂಡಿಯ ಗೋಡೆಯಲ್ಲಿ ಇಟ್ಟಿಗೆಗಳ ನಡುವೆ ಜೇನುಗೂಡಿನ ಹಾಗೆ ಸಂದು ಬಿಟ್ಟಿರುತ್ತಾರೆ. ತಳಕ್ಕೆ ಸಿಮೆಂಟ್ ಹಾಕುವುದಿಲ್ಲ. ನೀರು ಆ ಸಂದುಗಳಿಂದ ಮಣ್ಣಿಗೆ ಇಂಗುತ್ತದೆ, ಗಟ್ಟಿ ಒಳಗೇ ಉಳಿಯುತ್ತದೆ. "ಗುಂಡಿಯಿಂದ ಎಲ್ಲಿಗೆ" ಎಂಬ ಪ್ರಶ್ನೆಗೆ ಉತ್ತರ ಇಷ್ಟೇ: ಪಕ್ಕದ ಮಣ್ಣಿಗೆ.

ಅಳತೆ ನೋಡಿದೆ. ಒಂದು ಮೀಟರ್ ಅಗಲದ ದುಂಡು ಗುಂಡಿ. ಪೈಪಿನ ಬಾಯಿಯಿಂದ ಕೆಳಗೆ ಒಂದು ಮೀಟರ್ ಆಳ. ಎರಡು ಗುಂಡಿಗಳ ನಡುವೆ ಒಂದು ಮೀಟರಿಗಿಂತ ಜಾಸ್ತಿ ಜಾಗ. ಆರು ಜನರ ಮನೆಗೆ ಈ ಅಳತೆಯ ಒಂದು ಗುಂಡಿ ಮೂರು ವರ್ಷದ ಆಸುಪಾಸು ಬರಬೇಕು. ಒಂದು ಕವಲನ್ನೂ ಸರಿಯಾಗಿ ಮುಚ್ಚಿದ್ದರು. ಗುಂಡಿಯ ವಿಷಯದಲ್ಲಿ ಮೇಸ್ತ್ರಿಯ ತಪ್ಪು ಏನೂ ಇರಲಿಲ್ಲ. ಆದರೂ ನಾಲ್ಕು ತಿಂಗಳಿಗೇ ನೀರು ಪೈಪಿನ ಬಾಯಿಗೆ ಬಂದು ನಿಂತಿತ್ತು. ಗಟ್ಟಿ ತುಂಬಿರಲಿಲ್ಲ, ಬರೀ ನೀರು.

ಅಂಗಳದ ಜಗಲಿ ಮೇಲೆ ಕೂತು, ಅಜ್ಜಿಯ ಎದುರಿಗೇ ಲೆಕ್ಕ ಹಾಕಿದೆವು. ಟ್ಯಾಂಕು ಒಂದು ಸಲ ಒತ್ತಿದರೆ 10 ಲೀಟರ್ ಬಿಡುವಂಥದ್ದು. ಆರು ಜನ, ತಲೆಗೆ ದಿನಕ್ಕೆ ನಾಲ್ಕು ಸಲ ಅಂದರೆ 24 ಸಲ. ಅಲ್ಲಿಗೆ 240 ಲೀಟರ್. "ನಾನು ಒತ್ತೋದೇ ಇಲ್ಲ, ನನ್ನ ಬಿಡು," ಎಂದರು ಅಜ್ಜಿ. ಸರಿ, 200 ಅಂತಲೇ ಇಟ್ಟುಕೊಂಡೆ. ಮುಂದೆ ಕೇಳುತ್ತಾ ಹೋದರೆ ಸ್ನಾನದ ನೀರೂ ಅದೇ ಚೇಂಬರಿಗೆ ಬರುತ್ತಿತ್ತು! ಅಜ್ಜಿಯನ್ನು ಬಿಟ್ಟು ಐದು ಜನ, ತಲೆಗೆ ಒಂದೂಕಾಲು ಬಕೆಟ್ ಅಂದರೂ 120 ಲೀಟರಿನ ಮೇಲೆ. ಎಲ್ಲ ಸೇರಿ ದಿನಕ್ಕೆ 320 ಲೀಟರ್.

ಇನ್ನು ಮಣ್ಣು ಕುಡಿಯುವ ಲೆಕ್ಕ. ಗುಂಡಿಯ ಸುತ್ತಲ ಗೋಡೆ ಸುಮಾರು ಮೂರು ಚದರ ಮೀಟರ್. ಆ ಕಡೆಯ ಮರಳು ಬೆರೆತ ಕೆಮ್ಮಣ್ಣು, ಬಳಸಿ ಹಳೆಯದಾದ ಗುಂಡಿಯಲ್ಲಿ, ಒಂದು ಚದರ ಮೀಟರಿಗೆ ದಿನಕ್ಕೆ 20ರಿಂದ 30 ಲೀಟರ್ ಇಂಗಿಸಿಕೊಳ್ಳುತ್ತದೆ. ಅಂದರೆ ಇಡೀ ಗುಂಡಿಗೆ 60ರಿಂದ 90 ಲೀಟರ್. ಮನೆಯವರು ಹಾಕುತ್ತಿದ್ದದ್ದು ಅದರ ನಾಲ್ಕು ಪಟ್ಟು.

"ಹಂಗಾದ್ರೆ ಮೊದಲ ವಾರದಲ್ಲೇ ತುಂಬಬೇಕಿತ್ತಲ್ವಾ?" ಎಂದ ಮಗ. ಒಳ್ಳೆಯ ಪ್ರಶ್ನೆ. ಗುಂಡಿ ತೋಡಿದ್ದು ಬೇಸಿಗೆಯಲ್ಲಿ. ಒಣಗಿದ ಹೊಸ ಮಣ್ಣು ಎಷ್ಟು ಹಾಕಿದರೂ ಕುಡಿಯುತ್ತದೆ. ದಿನ ಕಳೆದಂತೆ ಸಂದುಗಳ ಹಿಂದಿನ ಮಣ್ಣಿನ ಮೇಲೆ ಪಾಚಿಯಂಥ ಲೋಳೆ ಕಟ್ಟುತ್ತದೆ, ಇಂಗುವುದು ನಿಧಾನವಾಗುತ್ತದೆ. ಅದರ ಮೇಲೆ ಮಳೆ ಬಂದು ಮಣ್ಣೇ ನೆನೆದುಬಿಟ್ಟರೆ ಮುಗಿಯಿತು. ಮೊದಲ ತಿಂಗಳು ಎಲ್ಲಾ ಗುಂಡಿಯೂ ಒಳ್ಳೆಯ ಗುಂಡಿಯೇ. ಅದನ್ನು ಪರೀಕ್ಷೆ ಮಾಡುವುದು ಮೊದಲ ಮಳೆಗಾಲ. ಹೀಗಾಗಿ ಬೇಸಿಗೆಯಲ್ಲಿ ಕಟ್ಟಿಸಿ "ಚೆನ್ನಾಗಿದೆ ಸಾರ್" ಅನ್ನುವವರ ಮಾತು ನಾನು ನಂಬುವುದಿಲ್ಲ.

ಈಗ ಅಜ್ಜಿಯ ಇನ್ನೊಂದು ದೂರು, ವಾಸನೆ. ಅವರು ಮಲಗುವುದು ಬಾತ್‌ರೂಮಿನ ಪಕ್ಕದ ನಡುಮನೆಯಲ್ಲಿ. ರಾತ್ರಿ ವಾಸನೆ ಬರುತ್ತದೆ ಎಂದು ಮೊದಲ ವಾರದಿಂದಲೂ ಹೇಳುತ್ತಿದ್ದರು. "ಅಜ್ಜಿಗೆ ಮನಸ್ಸಿನಲ್ಲಿರೋದು ಮೂಗಿಗೆ ಬರ್ತಿದೆ" ಎಂದು ಮನೆಯವರು ನಕ್ಕಿದ್ದರು. ಸೊಸೆ ದಿನಾ ಫಿನಾಯಿಲ್ ಹಾಕಿ ತೊಳೆಯುತ್ತಿದ್ದಳು. ಪಾಪ, ಅವಳದ್ದೇನೂ ತಪ್ಪಿಲ್ಲ. ಪ್ಯಾನು ಬೆಳ್ಳಗೆ ಹೊಳೆಯುತ್ತಿತ್ತು.

ಪ್ಯಾನಿನ ಕೆಳಗೆ ಬಗ್ಗಿದ ಪೈಪೊಂದು ಇರುತ್ತದೆ, ಅದೇ ಟ್ರ್ಯಾಪ್. ಆ ಬಾಗಿನಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ. ಗುಂಡಿಯ ಗಾಳಿ ಆ ನೀರನ್ನು ದಾಟಿ ಮೇಲೆ ಬರಲಾರದು. ಪ್ಯಾನಿನಲ್ಲಿ ಸದಾ ಕಾಣುವ ನೀರು ಸುಮ್ನೆ ಉಳಿದದ್ದಲ್ಲ, ಅದು ಮುಚ್ಚಳ. ಲಂಡನ್ನಿನಲ್ಲಿ ಗಡಿಯಾರ ಮಾಡುತ್ತಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬಾತ 1775ರಲ್ಲಿ ಇಂಥ ಬಾಗಿದ ಪೈಪಿರುವ ಕಕ್ಕಸಿಗೆ ಪೇಟೆಂಟ್ ಪಡೆದ. ಮನೆಯೊಳಗೆ ಕಕ್ಕಸು ಇಟ್ಟುಕೊಂಡು ಬದುಕಲು ಆಗುತ್ತಿರುವುದೇ ಆ ಬಾಗಿನಿಂದ. ಅಜ್ಜಿಗೆ ಇದನ್ನು ಹೇಳಿದಾಗ ಅವರು ಟ್ಯಾಂಕನ್ನು ಬಿಟ್ಟು ಪ್ಯಾನನ್ನು ಮೊದಲ ಸಲ ಬಗ್ಗಿ ನೋಡಿದರು. "ಬಾಗಿಲಿಗೆ ನೀರಿನ ಅಗುಳಿ ಅನ್ನು," ಎಂದರು. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಪ್ಯಾನಿನ ಅಗುಳಿ ಸರಿಯಾಗಿಯೇ ಇತ್ತು. ಹಾಗಾದರೆ ವಾಸನೆ ಎಲ್ಲಿಂದ? ಅಜ್ಜಿಯ ಹತ್ತಿರ ಒಂದು ಊದುಬತ್ತಿ ಕೇಳಿದೆ. ಹಚ್ಚಿಕೊಂಡು ಮೊದಲು ಪ್ಯಾನಿನ ಬಳಿ ಹಿಡಿದೆ. ಹೊಗೆ ನೆಟ್ಟಗೆ ಏರಿತು. ಆಮೇಲೆ ಸ್ನಾನದ ನೀರು ಹೋಗುವ ಮೂಲೆಯ ಜಾಲರಿಯ ಪಕ್ಕ ನೆಲಕ್ಕೆ ತಾಗುವಂತೆ ಹಿಡಿದೆ. ಹೊಗೆ ಪಕ್ಕಕ್ಕೆ ಸರಿದು ಅಲುಗಾಡಿತು. ಕೆಳಗಿನಿಂದ ಯಾರೋ ಮೆಲ್ಲಗೆ ಉಸಿರು ಬಿಡುತ್ತಿರುವ ಹಾಗೆ. ಜಾಲರಿ ತೆಗೆದು ಬೆರಳು ಹಾಕಿದರೆ ಒಳಗೆ ನಾನಿ ಟ್ರ್ಯಾಪೇ ಇಲ್ಲ, ಅಂದರೆ ಬಚ್ಚಲ ಜಾಲರಿಯ ಕೆಳಗೆ ಹಾಕುವ ಅಂಥದ್ದೇ ನೀರಿನ ಅಗುಳಿ. ನೇರ ಪೈಪು, ಒಂದು ಎಲ್ಬೋ, ಅಲ್ಲಿಂದ ಸೀದಾ ಕಕ್ಕಸಿನ ಚೇಂಬರ್. ಪ್ಯಾನಿಗೆ ಅಗುಳಿ ಹಾಕಿ, ಪಕ್ಕದ ಕಿಟಕಿಯನ್ನು ಹಾರು ಹೊಡೆದು ಬಿಟ್ಟ ಹಾಗಾಗಿತ್ತು. ರಾತ್ರಿ ಮನೆಯ ಬಾಗಿಲು ಕಿಟಕಿ ಮುಚ್ಚಿದ ಮೇಲೆ ಗುಂಡಿಯ ಗಾಳಿ ಅಲ್ಲಿಂದ ಏರಿ ನಡುಮನೆಗೆ ಬರುತ್ತಿತ್ತು. ಹಗಲಿನಲ್ಲಿ ಬಾಗಿಲು ತೆರೆದಿರುತ್ತಿದ್ದರಿಂದ ಉಳಿದವರಿಗೆ ಗೊತ್ತಾಗುತ್ತಿರಲಿಲ್ಲ.

ಸೊಸೆ ಅತ್ತೆಯ ಮುಖ ನೋಡಿದಳು. ಅಜ್ಜಿ ಏನೂ ಅನ್ನಲಿಲ್ಲ. ಊದುಬತ್ತಿಯನ್ನು ನನ್ನ ಕೈಯಿಂದ ತೆಗೆದುಕೊಂಡು, ಅದು ದೇವರಿಗೆ ಬರುವುದಿಲ್ಲವೆಂದು ಹಿತ್ತಲಲ್ಲಿ ಸಿಕ್ಕಿಸಿ ಬಂದರು.

ಸರಿಪಡಿಸಿದ್ದು ಹೀಗೆ. ಸ್ನಾನದ ಪೈಪನ್ನು ಚೇಂಬರಿನಿಂದ ಕತ್ತರಿಸಿ ಬಾಳೆಗಿಡಗಳ ಪಾತಿಗೆ ತಿರುಗಿಸಿದೆವು. ಜಾಲರಿಯ ಕೆಳಗೆ ನಾನಿ ಟ್ರ್ಯಾಪ್ ಕೂರಿಸಿದೆವು. ಅದಕ್ಕೆ ಎರಡು ಟೈಲ್ಸ್ ಒಡೆಯಬೇಕಾಯಿತು, ಮಗನಿಗೆ ಅದೇ ದೊಡ್ಡ ಸಂಕಟ. ತುಂಬಿದ ಗುಂಡಿಯ ಕವಲನ್ನು ಮುಚ್ಚಿ, ಸದ್ಯಕ್ಕೆ ಎರಡನೆಯದನ್ನು ತೆರೆದೆವು. ಮೂರು ವಾರದಲ್ಲಿ ಮೊದಲ ಗುಂಡಿಯ ನೀರು ಇಂಗಿಹೋಗಿತ್ತು, ಮತ್ತೆ ಅದಕ್ಕೇ ತಿರುಗಿಸಿದೆವು.

ಉಳಿದದ್ದು ಟ್ಯಾಂಕು. ಇಲ್ಲಿ ನಿಮ್ಮ ಮನೆಗೂ ಬೇಕಾದ ಒಂದು ವಿಷಯವಿದೆ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅಂಗಡಿಯಲ್ಲಿ ಎರಡು ತರಹದ ನೆಲದ ಪ್ಯಾನ್ ಸಿಗುತ್ತದೆ. ಒಂದು ಪಟ್ಟಣದ್ದು. ತಳ ಚಪ್ಪಟೆ, ಟ್ರ್ಯಾಪಿನಲ್ಲಿ ನಿಲ್ಲುವ ನೀರಿನ ಅಗುಳಿ 50 ಮಿಲಿಮೀಟರ್. ಅದನ್ನು ದಾಟಿಸಲು ಟ್ಯಾಂಕಿನ ನೀರೇ ಬೇಕು. ಇನ್ನೊಂದು ಹಳ್ಳಿಗೆಂದೇ ಮಾಡಿದ್ದು, ಅಂಗಡಿಯವರು ರೂರಲ್ ಪ್ಯಾನ್ ಅನ್ನುತ್ತಾರೆ. ಅದರ ತಳ ಕಡಿದಾಗಿ ಇಳಿಯುತ್ತದೆ, ಅಗುಳಿ 20 ಮಿಲಿಮೀಟರ್ ಮಾತ್ರ. ಒಂದೂವರೆಯಿಂದ ಎರಡು ಲೀಟರ್ ನೀರನ್ನು ಕೈಯಿಂದ ಹೊಯ್ದರೆ ಸಾಕು. ಈ ಮನೆಯಲ್ಲಿ ಮೇಸ್ತ್ರಿ ಕೂರಿಸಿದ್ದು ರೂರಲ್ ಪ್ಯಾನ್. ಅದರ ಮೇಲೆ ಮಗ ಪೇಟೆಯಿಂದ 10 ಲೀಟರಿನ ಟ್ಯಾಂಕ್ ತಂದು ನೇತುಹಾಕಿದ್ದ. ನೆಂಟರು ಬಂದರೆ ಚೆನ್ನಾಗಿ ಕಾಣಲಿ ಅಂತ. ಎತ್ತಿನ ಗಾಡಿಗೆ ಲಾರಿ ಇಂಜಿನ್ ಕಟ್ಟಿದ ಹಾಗೆ.

ಎರಡು ಲೀಟರ್ ಸಾಕು ಎಂದರೆ ಮಗ ನಂಬಲಿಲ್ಲ. ಪರೀಕ್ಷೆ ಮಾಡಿಯೇ ಬಿಡೋಣ ಎಂದೆ. ತೇಲುವ ವಸ್ತುವೇ ಪ್ಯಾನಿನಿಂದ ಹೋಗಲು ಜಾಸ್ತಿ ತಕರಾರು ಮಾಡುವುದು. ನಾನು ಚೆಂಡು ಹೂವಿನ ಎಸಳು ಕೇಳಿದೆ. "ಹೂವ ಅಲ್ಲಿಗೆ ಹಾಕ್ತೀಯಾ? ತಲೆ ಕೆಟ್ಟಿದಿಯಾ?" ಎಂದು ಅಜ್ಜಿ ಗದರಿದರು. ಕೊನೆಗೆ ಕಡಲೆಕಾಯಿ ಸಿಪ್ಪೆಗೆ ಒಪ್ಪಿಗೆ ಸಿಕ್ಕಿತು. ಐದು ಸಿಪ್ಪೆ ಹಾಕಿದೆವು. ಹೊರಗೆ ಚೇಂಬರಿನ ಹತ್ತಿರ ಮೊಮ್ಮಗ ಕುಳಿತ, ಬಂದದ್ದನ್ನು ಎಣಿಸುವುದು ಅವನ ಕೆಲಸ.

ಮೊದಲು ಮಗ ಅರ್ಧ ಬಕೆಟ್ ನೀರನ್ನು ನಿಧಾನಕ್ಕೆ ಸುರಿದ. ಸಿಪ್ಪೆಗಳು ಅಲ್ಲೇ ಸುತ್ತಿದವು. ನೀರು ಅಡಿಯಿಂದ ಹೋಯಿತು, ಐದೂ ಉಳಿದವು. ಆಮೇಲೆ ಅಜ್ಜಿ ಎರಡು ಲೀಟರ್ ಹಿಡಿಯುವ ಡಬರಿಯಲ್ಲಿ ನೀರು ತುಂಬಿಕೊಂಡು ಬಂದರು. ಸೆಗಣಿ ನೆಲಕ್ಕೆ ನೀರು ಎರಚಿ ಗೊತ್ತಿದ್ದ ಕೈ. ಸೊಂಟದ ಎತ್ತರದಿಂದ ಒಂದೇ ಸಲ ಬೀಸಿ ಹೊಡೆದರು. ಹೊರಗಿನಿಂದ ಮೊಮ್ಮಗ ಕೂಗಿದ: "ನಾಲ್ಕು ಬಂತು!" ಇನ್ನೊಂದು ಡಬರಿಗೆ ಐದನೆಯದೂ ಹೋಯಿತು.

ಅರ್ಧ ಬಕೆಟ್ ಅಂದರೆ ಹತ್ತು ಲೀಟರಿನ ಹತ್ತಿರ. ಅದರಲ್ಲಿ ಆಗದ್ದು ಎರಡು ಲೀಟರಿನಲ್ಲಿ ಆಯಿತು. ಬಾಗನ್ನು ದಾಟಿಸುವುದು ನೀರಿನ ರಭಸ. ಒಟ್ಟಿಗೆ ಬಿದ್ದ ನೀರು ಟ್ರ್ಯಾಪಿನಲ್ಲಿರುವುದನ್ನು ತಳ್ಳಿಕೊಂಡು ಹೋಗುತ್ತದೆ. ಸಣ್ಣಗೆ ಸುರಿದ ನೀರು ಪಕ್ಕದಿಂದ ನುಸುಳಿ ಹೋಗುತ್ತದೆ, ಎಷ್ಟು ಸುರಿದರೂ ಅಷ್ಟೇ. ಫ್ಲಶ್ ಟ್ಯಾಂಕನ್ನು ಎತ್ತರದಲ್ಲಿ ಇಟ್ಟು ಒಂದೇ ಸಲ ಬಿಡುವುದೂ ಈ ರಭಸಕ್ಕಾಗಿಯೇ. ಅಜ್ಜಿಯ ಕೈ ಮಾಡಿದ್ದೂ ಅದೇ ಕೆಲಸ.

ಪ್ಯಾನ್ ದಾಟಿದ ಮೇಲೆ ಪೈಪಿನಲ್ಲಿ ನಿಲ್ಲಬಾರದು, ಅದಕ್ಕೆ ಇಳಿಜಾರು ಬೇಕು. ಕೈಯಿಂದ ನೀರು ಹೊಯ್ಯುವ ಕಕ್ಕಸಿಗೆ ಹದಿನೈದು ಅಡಿಗೆ ಕನಿಷ್ಠ ಒಂದು ಅಡಿ ಇಳಿಯಬೇಕು. ಈ ಮನೆಯಲ್ಲಿ ಅಷ್ಟು ಇತ್ತು. ಇಲ್ಲದಿದ್ದರೆ ಸಿಪ್ಪೆ ಪ್ಯಾನಿನಿಂದ ಮಾಯವಾಗಿ, ಚೇಂಬರಿಗೆ ಬಾರದೆ, ಮಧ್ಯದಲ್ಲೆಲ್ಲೋ ಕೂತಿರುತ್ತಿತ್ತು. ಪ್ಯಾನ್ ಖಾಲಿಯಾಯಿತಲ್ಲ ಎಂದು ಸಮಾಧಾನ ಪಡಬೇಡಿ. ಹೊರಗೆ ಒಬ್ಬರು ಕೂತು ಎಣಿಸಲೇಬೇಕು.

ಟ್ಯಾಂಕನ್ನು ಕೀಳಿಸಲಿಲ್ಲ, ಮಗನ ಆಸೆ ಇರಲಿ ಅಂತ. ಒಳಗಿನ ಫ್ಲೋಟನ್ನು ತಗ್ಗಿಸಿ 5 ಲೀಟರ್ ತುಂಬುವ ಹಾಗೆ ಮಾಡಿದೆ. ಮತ್ತೆ ಸಿಪ್ಪೆ ಹಾಕಿ ನೋಡಿದೆವು, ಐದೂ ಹೋದವು. ಹೊಸ ಲೆಕ್ಕ: ದೊಡ್ಡದಕ್ಕೆ ಮಾತ್ರ ಟ್ಯಾಂಕು, ಅಜ್ಜಿಯದ್ದನ್ನೂ ಅದೇ ಲೆಕ್ಕಕ್ಕೆ ಹಿಡಿದರೂ ಆರು ಸಲಕ್ಕೆ 30 ಲೀಟರ್. ಉಳಿದ ಹದಿನೆಂಟು ಸಲಕ್ಕೆ ಒಂದೊಂದು ಮಗ್ಗು, 18 ಲೀಟರ್. ತೊಳೆದುಕೊಳ್ಳುವ ನೀರು ಸೇರಿ 60ರ ಆಚೀಚೆ. ಮಣ್ಣು ಕುಡಿಯುವಷ್ಟೇ ಗುಂಡಿಗೆ ಹೋಗುತ್ತಿದೆ.

ಅಜ್ಜಿ ಮೂರನೆಯ ಪ್ರಶ್ನೆಯನ್ನು ಇನ್ನೂ ಉಳಿಸಿಕೊಂಡಿದ್ದರು. "ಆ ನೀರು ಬಾವಿಗೆ ಸೇರಲ್ವಾ?" ಹಿತ್ತಲಲ್ಲಿ ಹಳೇ ಬಾವಿಯಿದೆ, ಕುಡಿಯುವುದಕ್ಕೂ ಅದೇ ನೀರು. ಅಳೆದರೆ ಗುಂಡಿಯಿಂದ 45 ಅಡಿ ದೂರ. ನೀರು ಇದ್ದದ್ದು ನೆಲದಿಂದ ಐವತ್ತು ಅಡಿಗೂ ಕೆಳಗೆ. ಕನಿಷ್ಠ 10 ಮೀಟರ್, ಅಂದರೆ 33 ಅಡಿ ದೂರ ಬಿಡಬೇಕು, ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಎರಡು ಮೀಟರ್ ಮಣ್ಣಿರಬೇಕು ಎಂಬುದು ನಾನು ಹಿಡಿಯುವ ಲೆಕ್ಕ. ಮಣ್ಣೇ ಅಲ್ಲಿ ಸೋಸುವ ಬಟ್ಟೆ. ಹಾಗಾಗಿ ಆ ಮನೆಗೆ ಭಯವಿರಲಿಲ್ಲ. ಆದರೆ ಕರಾವಳಿಯಲ್ಲೋ ಅಡಿಕೆ ತೋಟದ ತಗ್ಗಿನಲ್ಲೋ, ಮಳೆಗಾಲದಲ್ಲಿ ಬಾವಿ ನೀರು ಕೈಗೆ ಸಿಗುವ ಜಾಗದಲ್ಲಿ ಇದೇ ಗುಂಡಿ ತೋಡಿದರೆ ತಪ್ಪಾಗುತ್ತದೆ. ಅಲ್ಲಿ ಆಳ ಕಡಿಮೆ ಮಾಡಿ, ಗುಂಡಿಯನ್ನು ನೆಲಮಟ್ಟದಿಂದ ಎತ್ತರಿಸಿ, ಸುತ್ತ ಮಣ್ಣು ಏರಿಸಬೇಕು. ಉತ್ತರದ ಎರೆಮಣ್ಣಿನ ಕಡೆ ಇನ್ನೊಂದು ತೊಂದರೆ. ಆ ಮಣ್ಣು ನೀರನ್ನು ಇಂಗಿಸಿಕೊಳ್ಳುವುದೇ ಕಡಿಮೆ, ಗುಂಡಿ ದೊಡ್ಡದಾಗಬೇಕು. ನಿಮ್ಮ ಊರು ಯಾವ ಕಡೆ ಎಂದು ನೀವು ಬರೆದಿಲ್ಲ. ಬಾವಿಯ ದೂರವನ್ನೂ, ಭಾದ್ರಪದದಲ್ಲಿ ಅದರ ನೀರು ಎಷ್ಟು ಮೇಲೆ ಬರುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಅದು ನಿಮ್ಮ ಅಜ್ಜಿಗೇ ಚೆನ್ನಾಗಿ ಗೊತ್ತಿರುತ್ತದೆ.

ಆದ್ದರಿಂದ ಅವರನ್ನು ಒಪ್ಪಿಸುವ ಗೋಜಿಗೆ ಈಗಲೇ ಹೋಗಬೇಡಿ. ಟೈಲ್ಸ್ ಹಾಕುವ ಮುಂಚೆ, ಚೇಂಬರಿನ ಮುಚ್ಚಳ ಕೂರಿಸುವ ಮುಂಚೆ, ಅವರನ್ನು ಕರೆದು ನಿಲ್ಲಿಸಿ. ಸಿಪ್ಪೆ ಹಾಕಿ ನೋಡಿ. ಊದುಬತ್ತಿ ಹಿಡಿದು ನೋಡಿ. ರೂರಲ್ ಪ್ಯಾನ್ ತಂದಿದ್ದರೆ ಟ್ಯಾಂಕಿನ ದುಡ್ಡು ಉಳಿಸಿ, ಅದರಲ್ಲಿ ಗೋಡೆಗೆ ಒಂದು ಗಟ್ಟಿ ಕಂಬಿ ಹಾಕಿಸಿ. ವಯಸ್ಸಾದವರಿಗೆ ಕೂತು ಏಳುವಾಗ ಹಿಡಿದುಕೊಳ್ಳಲು ಬೇಕು. ಮಂಡಿ ಬಗ್ಗುವುದೇ ಇಲ್ಲ ಎಂದಾದರೆ ಕಮೋಡ್ ಬೇಕಾಗುತ್ತದೆ. ಆಗ ಸಣ್ಣದಕ್ಕೆ 3, ದೊಡ್ಡದಕ್ಕೆ 6 ಲೀಟರ್ ಬಿಡುವ ಎರಡು ಬಟನ್ನಿನ ಟ್ಯಾಂಕ್ ಕೊಳ್ಳಿ, ಇಂಗುಗುಂಡಿಯನ್ನೂ ಆ ಲೆಕ್ಕಕ್ಕೆ ದೊಡ್ಡದು ಮಾಡಿ.

ಅರಸೀಕೆರೆಯ ಆ ಮನೆಯಲ್ಲಿ ಮೂರನೇ ವರ್ಷ ಗುಂಡಿ ಬದಲಾಯಿಸಿದರು. ಮುಚ್ಚಿದ್ದನ್ನು ಎರಡು ವರ್ಷ ಹಾಗೇ ಬಿಟ್ಟು ತೆಗೆದಾಗ ನಾನೂ ಹೋಗಿದ್ದೆ. ಒಳಗಿದ್ದದ್ದು ಒಣಗಿದ, ಉದುರುದುರು ಕಪ್ಪು ಗೊಬ್ಬರ. ವಾಸನೆ ಇಲ್ಲ. ಅಜ್ಜಿ ಕೋಲಿನಿಂದ ಕೆದಕಿ ನೋಡಿದರು, ಬಗ್ಗಿ ಮೂಸಿದರು. ಆಮೇಲೆ ಮಗನಿಗೆ ಹೇಳಿದರು: "ತೆಂಗಿನ ಬುಡಕ್ಕೆ ಹಾಕು. ತುಳಸಿ ಕಡೆ ತರಬೇಡ." ಫ್ಲಶ್ ಟ್ಯಾಂಕನ್ನು ಅವರು ಇವತ್ತಿಗೂ ಮುಟ್ಟಿಲ್ಲ. ಅವರ ಡಬರಿ ಬಾತ್‌ರೂಮಿನ ಬಾಗಿಲ ಹಿಂದೆ ಬೋರಲಾಗಿ ಇರುತ್ತದೆ, ಬೇರೆ ಯಾರೂ ಮುಟ್ಟುವ ಹಾಗಿಲ್ಲ.